ನೋಂದಣಿ ನಮೂನೆಯ ಸುಗಮ್ಯತೆ: ಲೇಬಲ್, ಫೋಕಸ್ ಕ್ರಮ ಮತ್ತು ವರ್ಣವ್ಯತ್ಯಾಸಗಳ ಪರಿಶೀಲನೆ

1. ಪೀಠಿಕೆ

ಕಾಗದದ ಅರ್ಜಿಯಲ್ಲಿ 'ಪೂರ್ಣ ಹೆಸರು' ಎಂಬ ಪದದ ಮುಂದೆ ಒಂದು ಗೆರೆ ಇರುತ್ತದೆ. ಆ ಪದಕ್ಕೂ ಆ ಗೆರೆಗೂ ಸಂಬಂಧವಿದೆ ಎಂದು ಯಾರೂ ಬರೆದಿರುವುದಿಲ್ಲ. ಅವೆರಡೂ ಅಕ್ಕಪಕ್ಕದಲ್ಲಿವೆ ಎಂಬುದರಿಂದಲೇ ಕಣ್ಣು ಆ ಸಂಬಂಧವನ್ನು ಊಹಿಸಿಕೊಳ್ಳುತ್ತದೆ. ಗಣಕದ ಪರದೆಯ ಮೇಲೆ ಮೂಡುವ ನೋಂದಣಿ ನಮೂನೆಯೂ ಹೊರನೋಟಕ್ಕೆ ಇದೇ ಬಗೆಯದು. ಆದರೆ ಅದನ್ನು ಕಣ್ಣಿನಿಂದ ನೋಡದೆ ಕಿವಿಯಿಂದ ಕೇಳುವವರಿಗೆ, ಮೌಸನ್ನು ಹಿಡಿಯಲಾರದೆ ಕೀಲಿಮಣೆಯೊಂದನ್ನೇ ನೆಚ್ಚಿದವರಿಗೆ, ಮಂದದೃಷ್ಟಿಯವರಿಗೆ ಈ ಊಹೆಯ ಅನುಕೂಲ ದೊರೆಯುವುದಿಲ್ಲ. ಅವರ ಪಾಲಿಗೆ ಸಂಕೇತದಲ್ಲಿ ಬರೆಯದೆ ಉಳಿದ ಸಂಬಂಧವು ಇಲ್ಲದ ಸಂಬಂಧವೇ ಸರಿ.

ಜಾಲತಾಣವೊಂದರ ಇತರ ಪುಟಗಳಲ್ಲಿ ಇಂತಹ ದೋಷವಿದ್ದರೆ ಓದುಗನಿಗೆ ಒಂದಷ್ಟು ವಿಷಯ ತಪ್ಪಿಹೋಗಬಹುದು. ನೋಂದಣಿ ನಮೂನೆಯಲ್ಲಿ ದೋಷವಿದ್ದರೆ ಆತ ಬಾಗಿಲಲ್ಲಿಯೇ ನಿಲ್ಲುತ್ತಾನೆ. ಒಳಗಿರುವ ಪುಟಗಳು ಎಷ್ಟೇ ಸುಗಮವಾಗಿದ್ದರೂ ಅವು ಅವನಿಗೆ ಒದಗುವುದಿಲ್ಲ. ಇಂತಹ ನಮೂನೆಯೊಂದನ್ನು ಪರಿಶೀಲಿಸುವ ಕ್ರಮ ಯಾವುದು, ದೋಷಗಳು ಹೇಗೆ ಹುಟ್ಟುತ್ತವೆ, ಅವು ಒಂದಕ್ಕೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ಒಂದು ಮಾದರಿಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎಲ್ಲೆಡೆ ಆಧಾರವಾಗಿರುವುದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಪ್ರಕಟಿಸಿರುವ ಜಾಲವಿಷಯ ಸುಗಮ್ಯತಾ ಮಾರ್ಗಸೂಚಿ. ಇದರ ಮೊದಲ ಆವೃತ್ತಿ 1999ರಲ್ಲಿಯೂ, 2.0 ಆವೃತ್ತಿ 2008ರಲ್ಲಿಯೂ, 2.1 ಆವೃತ್ತಿ 2018ರಲ್ಲಿಯೂ, 2.2 ಆವೃತ್ತಿ 2023ರಲ್ಲಿಯೂ ಹೊರಬಂದವು. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಗಮ್ಯತೆಯನ್ನು ತನ್ನ 42ನೆಯ ಪ್ರಕರಣದಲ್ಲಿ ಹೇಳುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೌಲಭ್ಯದ ಲಭ್ಯತೆಯನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಡನೆ ಜೋಡಿಸಿ ನೋಡಿದೆ. ಆದುದರಿಂದ ಮುಂದೆ ವಿವರಿಸಲಿರುವ ದೋಷಗಳನ್ನು ಕೇವಲ ಕುಸುರಿಯ ಕೊರತೆಗಳೆಂದು ಬಗೆಯಲಾಗದು.

2. ಮಾದರಿ ನಮೂನೆ

ವಿವೇಚನೆಯ ಅನುಕೂಲಕ್ಕಾಗಿ ಗ್ರಂಥಾಲಯವೊಂದರ ಸದಸ್ಯತ್ವದ ನಮೂನೆಯನ್ನು ಕಲ್ಪಿಸಿಕೊಳ್ಳೋಣ. ಪುಟದ ಮೇಲ್ಭಾಗದಲ್ಲಿ 12 ಕೊಂಡಿಗಳ ಒಂದು ಪಟ್ಟಿಯಿದೆ. ಅದರ ಕೆಳಗೆ ಪೂರ್ಣ ಹೆಸರು, ಮೊಬೈಲ್ ಸಂಖ್ಯೆ, ಗುಪ್ತಪದ ಎಂಬ ಮೂರು ಅಂಕಣಗಳು. ಜಿಲ್ಲೆಯನ್ನು ಆರಿಸುವ ಒಂದು ಪಟ್ಟಿ. ನಿಯಮಗಳಿಗೆ ಒಪ್ಪಿಗೆ ಸೂಚಿಸುವ ಒಂದು ಗುರುತುಚೌಕ. ಕೊನೆಗೆ ಕೇಸರಿ ಬಣ್ಣದ ಮೇಲೆ ಬಿಳಿಯಕ್ಷರದಲ್ಲಿ 'ನೋಂದಾಯಿಸಿ' ಎಂದು ಬರೆದ ಗುಂಡಿ. ದೃಷ್ಟಿಯುಳ್ಳವರು ಮೌಸ್ ಹಿಡಿದು ಒಂದೆರಡು ನಿಮಿಷಗಳಲ್ಲಿ ಇದನ್ನು ತುಂಬಬಲ್ಲರು. ನಮೂನೆಯನ್ನು ರಚಿಸಿದವರೂ ಹಾಗೆಯೇ ಪರೀಕ್ಷಿಸಿ ತೃಪ್ತರಾಗಿದ್ದಾರೆಂದು ಭಾವಿಸೋಣ.

ಪರಿಶೀಲನೆಯ ಸಲಕರಣೆಗಳು ಅಲ್ಪ. ಒಂದು ಕೀಲಿಮಣೆ, ಪರದೆಯ ಮೇಲಿನುದನ್ನು ಓದಿ ಹೇಳುವ ಒಂದು ತಂತ್ರಾಂಶ, ಬಣ್ಣಗಳ ಅನುಪಾತವನ್ನು ಲೆಕ್ಕಹಾಕುವ ಒಂದು ಉಪಕರಣ ಇದ್ದರೆ ಸಾಕು. ಪರದೆವಾಚಕಗಳಲ್ಲಿ ಎನ್‌ವಿಡಿಎ ಎಂಬುದು ವಿಂಡೋಸ್ ಗಣಕಗಳಿಗೆ ಉಚಿತವಾಗಿ ದೊರೆಯುತ್ತದೆ; ಅದರೊಡನೆ ಬರುವ ಈಸ್ಪೀಕ್ ಧ್ವನಿಯು ಕನ್ನಡವನ್ನೂ ಓದುತ್ತದೆ.

3. ಲೇಬಲ್ ಇಲ್ಲದ ಅಂಕಣ

ಪರದೆವಾಚಕವನ್ನು ಚಾಲನೆಗೊಳಿಸಿ ಮೊದಲ ಅಂಕಣಕ್ಕೆ ಬಂದಾಗ 'ಪೂರ್ಣ ಹೆಸರು' ಎಂಬ ಮಾತು ಕೇಳಿಬರುವುದಿಲ್ಲ. ಬರೆಯುವ ಸ್ಥಳವೊಂದಿದೆ, ಅದು ಖಾಲಿಯಾಗಿದೆ ಎಂಬರ್ಥದ ಎರಡು ಮಾತುಗಳಷ್ಟೇ ಕೇಳುತ್ತವೆ. ಕಾರಣವನ್ನು ಸಂಕೇತದಲ್ಲಿ ಕಾಣಬಹುದು:

```html
<div>ಪೂರ್ಣ ಹೆಸರು</div>
<input type="text" name="n1">
```

ಇಲ್ಲಿ ಪದವೂ ಇದೆ, ಅಂಕಣವೂ ಇದೆ. ಅವೆರಡನ್ನು ಕಟ್ಟುವ ದಾರವಿಲ್ಲ. ಅಂಕಣಕ್ಕೆ ಒಂದು ಗುರುತನ್ನು ಕೊಟ್ಟು, ಲೇಬಲ್ ಆ ಗುರುತನ್ನು ಹೆಸರಿಸುವಂತೆ ಮಾಡಿದರೆ ದಾರ ಬಿಗಿಯುತ್ತದೆ:

```html
<label for="hesaru">ಪೂರ್ಣ ಹೆಸರು</label>
<input type="text" id="hesaru" name="n1">
```

`for` ಮತ್ತು `id` ಎರಡರ ಬೆಲೆಯೂ ಒಂದೇ ಆಗಿರಬೇಕು, ಮತ್ತು ಆ `id` ಪುಟದಲ್ಲಿ ಬೇರೆಲ್ಲಿಯೂ ಮರುಬಳಕೆಯಾಗಿರಬಾರದು. ಈ ಜೋಡಣೆ ಇದೆಯೇ ಎಂಬುದನ್ನು ತಿಳಿಯಲು ಪರದೆವಾಚಕವೂ ಬೇಕಿಲ್ಲ. ಲೇಬಲ್ಲಿನ ಪದದ ಮೇಲೆ ಮೌಸನ್ನು ಒತ್ತಿದಾಗ ತೋರುಗುರುತು ಅಂಕಣದೊಳಗೆ ಹೋಗಿ ಕುಳಿತರೆ ಜೋಡಣೆ ಇದೆ ಎಂದರ್ಥ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಗುರುತುಚೌಕದ ಲೇಬಲ್ ಜೋಡಣೆಗೊಂಡಿದ್ದರೆ ಇಡೀ ವಾಕ್ಯವೇ ಒತ್ತಬಹುದಾದ ಜಾಗವಾಗುತ್ತದೆ. ಕೈ ನಡುಗುವವರು ಸಣ್ಣ ಚೌಕವನ್ನೇ ಗುರಿಯಿಟ್ಟು ಹಿಡಿಯಬೇಕಾಗಿಲ್ಲ.

ಮೊಬೈಲ್ ಸಂಖ್ಯೆಯ ಅಂಕಣದಲ್ಲಿ ದೋಷದ ಸ್ವರೂಪ ಬೇರೆ. ಅಲ್ಲಿ ಮೇಲೆ ಯಾವ ಪದವೂ ಇಲ್ಲ. ಅಂಕಣದೊಳಗೆ ತಿಳಿಬೂದು ಬಣ್ಣದಲ್ಲಿ 'ಮೊಬೈಲ್ ಸಂಖ್ಯೆ' ಎಂದು `placeholder` ಮೂಲಕ ಬರೆಯಲಾಗಿದೆ. ಜಾಗ ಉಳಿಯುತ್ತದೆ, ನೋಟ ಅಚ್ಚುಕಟ್ಟಾಗಿರುತ್ತದೆ ಎಂಬ ಕಾರಣದಿಂದ ಈ ಪದ್ಧತಿ ಬಹುವಾಗಿ ಹಬ್ಬಿದೆ. ಆದರೆ ಮೊದಲ ಅಂಕಿಯನ್ನು ಒತ್ತಿದ ಕೂಡಲೇ ಆ ಪದ ಮಾಯವಾಗುತ್ತದೆ. ನಡುವೆ ಕರೆಯೊಂದು ಬಂದು ಮರಳಿ ಬಂದವರು, ನೆನಪಿನ ಶಕ್ತಿ ಕುಂದಿದವರು, ಬರೆದುದನ್ನು ಮತ್ತೊಮ್ಮೆ ತಾಳೆ ನೋಡಬಯಸುವವರು ಆ ಅಂಕಣ ಯಾವುದಕ್ಕಾಗಿತ್ತು ಎಂಬುದನ್ನು ತಿಳಿಯಲು ಬರೆದದ್ದನ್ನೆಲ್ಲ ಅಳಿಸಬೇಕಾಗುತ್ತದೆ. ಅನೇಕ ಬ್ರೌಸರುಗಳು ಬೇರೆ ಹೆಸರಿಲ್ಲದಾಗ ಈ ಸೂಚನಾಪದವನ್ನೇ ಪರದೆವಾಚಕಕ್ಕೆ ಒಪ್ಪಿಸುವುದುಂಟು. ಅದು ಆಪತ್ಕಾಲದ ಆಸರೆಯೇ ಹೊರತು ಲೇಬಲ್ಲಿಗೆ ಬದಲಿಯಲ್ಲ. '10 ಅಂಕಿಗಳು' ಎಂಬಂತಹ ಸೂಚನೆಯನ್ನೂ ಲೇಬಲ್ಲಿನಲ್ಲಿಯೇ ಸೇರಿಸುವುದು ಲೇಸು.

ಮೂರನೆಯದಾದ ಗುಪ್ತಪದದ ಅಂಕಣ ಇವೆರಡಕ್ಕಿಂತ ಮೋಸದ್ದು. ಅದಕ್ಕೆ ಸರಿಯಾದ ಲೇಬಲ್ ಇದೆ, ಜೋಡಣೆಯೂ ಇದೆ. ಆದರೆ ಬೇರೊಂದು ನಮೂನೆಯಿಂದ ನಕಲು ಮಾಡಿ ತಂದ ಸಾಲಿನಲ್ಲಿ `aria-label="ಪೂರ್ಣ ಹೆಸರು"` ಎಂಬ ಗುಣ ಹಾಗೆಯೇ ಉಳಿದುಬಿಟ್ಟಿದೆ. ಹೆಸರನ್ನು ನಿರ್ಧರಿಸುವ ನಿಯಮದಲ್ಲಿ `aria-label` ಎಂಬುದು `label` ಅಂಶವನ್ನು ಹಿಂದಿಕ್ಕುತ್ತದೆ. ಹೀಗಾಗಿ ಕಣ್ಣಿಗೆ 'ಗುಪ್ತಪದ' ಎಂದು ಕಂಡರೂ ಕಿವಿಗೆ 'ಪೂರ್ಣ ಹೆಸರು' ಎಂದು ಕೇಳುತ್ತದೆ. ಅಂಧ ಬಳಕೆದಾರರೊಬ್ಬರು ಅಲ್ಲಿ ತಮ್ಮ ಹೆಸರನ್ನೇ ಎರಡನೆಯ ಬಾರಿ ಬರೆದರೆ ಅದು ಅವರ ತಪ್ಪಲ್ಲ. ತಾನಾಗಿಯೇ ಪುಟವನ್ನು ಶೋಧಿಸುವ ಪರೀಕ್ಷಾ ತಂತ್ರಾಂಶಗಳು ಮೊದಲ ಅಂಕಣದ ದೋಷವನ್ನು ಹಿಡಿಯುತ್ತವೆ. ಈ ಅಂಕಣಕ್ಕೋ ಒಂದು ಹೆಸರು ಇರುವುದರಿಂದ ಸಾಮಾನ್ಯವಾಗಿ ಉತ್ತೀರ್ಣವೆಂದು ಬಿಡುತ್ತವೆ. ಹೆಸರು ಇದೆಯೇ ಎಂಬುದನ್ನು ಯಂತ್ರ ಹೇಳಬಲ್ಲುದು. ಆ ಹೆಸರು ಸರಿಯೇ ಎಂಬುದನ್ನು ಕೇಳಿದವರೇ ಹೇಳಬೇಕು.

ಕನ್ನಡ ನಮೂನೆಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದನ್ನು ಇಲ್ಲಿಯೇ ಹೇಳಬೇಕು. ಲೇಬಲ್ಲುಗಳೆಲ್ಲ ಸರಿಯಾಗಿದ್ದರೂ ಪುಟದ ಆರಂಭದಲ್ಲಿ ಸಿದ್ಧಮಾದರಿಯಿಂದ ಬಂದ `lang="en"` ಹಾಗೆಯೇ ಉಳಿದಿದ್ದರೆ ಪರದೆವಾಚಕವು ಕನ್ನಡದ ಪಠ್ಯಕ್ಕೆ ಇಂಗ್ಲಿಷ್ ಧ್ವನಿಯನ್ನು ಆರಿಸಿಕೊಳ್ಳಬಹುದು. ಆ ಧ್ವನಿಗೆ ಕನ್ನಡದ ಅಕ್ಷರಗಳು ತಿಳಿಯದಿದ್ದರೆ ಅದು ಮೌನವಾಗಿ ದಾಟಿಹೋಗುತ್ತದೆ, ಇಲ್ಲವೇ ಅರ್ಥವಾಗದಂತೆ ಉಚ್ಚರಿಸುತ್ತದೆ. ಅಲ್ಲಿ `lang="kn"` ಎಂದು ಬರೆಯುವುದು ಒಂದು ಪದದ ತಿದ್ದುಪಡಿ. ಆ ಒಂದು ಪದವಿಲ್ಲದಿದ್ದರೆ ಮೇಲಿನ ಎಲ್ಲ ಶ್ರಮವೂ ಕೇಳುಗನಿಗೆ ತಲುಪದೆ ಹೋಗಬಹುದು.

4. ಫೋಕಸ್ ಕ್ರಮ

ಕೀಲಿಮಣೆಯ ಒತ್ತು ಆ ಕ್ಷಣದಲ್ಲಿ ಪುಟದ ಯಾವ ಅಂಶಕ್ಕೆ ಸಲ್ಲುತ್ತದೆಯೋ ಅದಕ್ಕೆ ಫೋಕಸ್ ಇದೆ ಎನ್ನುತ್ತಾರೆ. ಟ್ಯಾಬ್ ಕೀಲಿಯನ್ನು ಒತ್ತಿದಂತೆ ಫೋಕಸ್ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಶಿಫ್ಟ್ ಕೀಲಿಯೊಡನೆ ಒತ್ತಿದರೆ ಹಿಂದಕ್ಕೆ ಬರುತ್ತದೆ. ಪರಿಶೀಲಕನು ಮೌಸನ್ನು ಬದಿಗಿಟ್ಟು, ಪ್ರತಿ ಒತ್ತಿಗೂ ಫೋಕಸ್ ಎಲ್ಲಿದೆ ಎಂಬುದನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತ ಹೋಗಬೇಕು.

ನಮ್ಮ ಮಾದರಿಯಲ್ಲಿ ಮೊದಲ ಒತ್ತಿನಲ್ಲಿಯೇ ಒಂದು ತೊಡಕು ಎದುರಾಗುತ್ತದೆ: ಫೋಕಸ್ ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಬ್ರೌಸರುಗಳು ಫೋಕಸ್ ಪಡೆದ ಅಂಶದ ಸುತ್ತ ತಾವಾಗಿಯೇ ಒಂದು ರೇಖೆ ಎಳೆಯುತ್ತವೆ. ಅದು ವಿನ್ಯಾಸಕ್ಕೆ ಒಪ್ಪುವುದಿಲ್ಲವೆಂದು ಯಾರೋ ಶೈಲಿಸಂಕೇತದಲ್ಲಿ `outline: none` ಎಂದು ಬರೆದಿದ್ದಾರೆ. ದೃಷ್ಟಿಯಿದ್ದೂ ಮೌಸ್ ಬಳಸಲಾರದವರಿಗೆ ಇದು ಕತ್ತಲೆಯಲ್ಲಿ ತಡಕಾಡಿದಂತೆ. ಮೂಲ ರೇಖೆ ಬೇಡವಾದರೆ ಬದಲಿಯಾಗಿ ಎದ್ದು ಕಾಣುವ ಬೇರೊಂದನ್ನು ಕೊಡಬೇಕು:

```css
:focus-visible {
  outline: 3px solid #000000;
  outline-offset: 2px;
}
```

ಈ ನಿಯಮವು ಗುಂಡಿಯನ್ನು ಮೌಸಿನಿಂದ ಒತ್ತಿದಾಗ ಸಾಮಾನ್ಯವಾಗಿ ರೇಖೆಯನ್ನು ತೋರಿಸುವುದಿಲ್ಲ. ಕೀಲಿಮಣೆಯಿಂದ ಬಂದವರಿಗೆ ತೋರಿಸುತ್ತದೆ. ವಿನ್ಯಾಸಕಾರರ ಆಕ್ಷೇಪವೂ ಇದರಿಂದ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ರೇಖೆ ಕಾಣುವಂತಾದ ಮೇಲೆ ಕ್ರಮವನ್ನು ಬರೆದುಕೊಂಡರೆ ವಿಚಿತ್ರವಾದ ಪಟ್ಟಿ ಸಿದ್ಧವಾಗುತ್ತದೆ. 1ನೆಯ ಒತ್ತಿಗೆ ಹೆಸರು, 2ನೆಯದಕ್ಕೆ ಮೊಬೈಲ್ ಸಂಖ್ಯೆ, 3ನೆಯದಕ್ಕೆ ಗುಪ್ತಪದ, 4ನೆಯದಕ್ಕೆ 'ನೋಂದಾಯಿಸಿ' ಗುಂಡಿ. ಆಮೇಲೆ ಫೋಕಸ್ ಪುಟದ ತುದಿಗೆ ಹಾರಿ 5ರಿಂದ 16ರವರೆಗೆ ಮೇಲಿನ 12 ಕೊಂಡಿಗಳನ್ನು ಸುತ್ತುತ್ತದೆ. 17ನೆಯ ಒತ್ತಿಗೆ ಜಿಲ್ಲೆಯ ಪಟ್ಟಿ, 18ನೆಯದಕ್ಕೆ ಒಪ್ಪಿಗೆಯ ಚೌಕ ದೊರೆಯುತ್ತವೆ. ಸಂಕೇತ ಹೀಗಿದೆ:

```html
<input id="hesaru" tabindex="1">
<input id="mobile" tabindex="2">
<input id="guptapada" tabindex="3">
<select id="jille">…</select>
<input type="checkbox" id="oppige">
<button tabindex="4">ನೋಂದಾಯಿಸಿ</button>
```

ಇದು ಹೇಗಾಯಿತೆಂದು ಊಹಿಸುವುದು ಕಷ್ಟವಲ್ಲ. ಮೊದಲು ನಮೂನೆಯಲ್ಲಿ ಮೂರೇ ಅಂಕಣಗಳಿದ್ದವು. ಕ್ರಮ ತಪ್ಪದಿರಲೆಂಬ ಸದುದ್ದೇಶದಿಂದಲೇ ರಚಿಸಿದವರು 1ರಿಂದ 4ರವರೆಗೆ ಸಂಖ್ಯೆ ಕೊಟ್ಟರು. ತರುವಾಯ ಜಿಲ್ಲೆಯೂ ಒಪ್ಪಿಗೆಯೂ ಸೇರ್ಪಡೆಯಾದವು. ಅವುಗಳಿಗೆ ಸಂಖ್ಯೆ ಕೊಡಲು ಯಾರಿಗೂ ನೆನಪಾಗಲಿಲ್ಲ. ನಿಯಮವೇನೆಂದರೆ, ಸೊನ್ನೆಗಿಂತ ಹೆಚ್ಚಿನ `tabindex` ಇರುವ ಅಂಶಗಳೆಲ್ಲ ಮೊದಲು ಬರುತ್ತವೆ. ಸಂಖ್ಯೆಯಿಲ್ಲದವು ಆಮೇಲೆ, ಸಂಕೇತದಲ್ಲಿ ಬರೆದ ಅನುಕ್ರಮದಲ್ಲಿ ಬರುತ್ತವೆ. ಸಂಖ್ಯೆಗಳನ್ನು ಹೊಸದಾಗಿ 1ರಿಂದ 6ರವರೆಗೆ ತಿದ್ದುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ಮುಂದಿನ ಸೇರ್ಪಡೆಯಲ್ಲಿ ಅದೇ ತಪ್ಪು ಮರುಕಳಿಸುತ್ತದೆ. `tabindex` ಸಂಖ್ಯೆಗಳನ್ನೆಲ್ಲ ತೆಗೆದುಹಾಕಿ, ಅಂಶಗಳನ್ನು ಓದಬೇಕಾದ ಕ್ರಮದಲ್ಲಿಯೇ ಸಂಕೇತದಲ್ಲಿ ಬರೆದರೆ ಫೋಕಸ್ ತಾನಾಗಿಯೇ ಆ ದಾರಿಯಲ್ಲಿ ನಡೆಯುತ್ತದೆ. ನಮ್ಮ ಮಾದರಿಯಲ್ಲಿ ಬರೆದ ಕ್ರಮ ಸರಿಯಾಗಿಯೇ ಇದೆ. ಅದನ್ನು ಕೆಡಿಸಿದ್ದು ಆ ನಾಲ್ಕು ಸಂಖ್ಯೆಗಳು.

ಸಂಖ್ಯೆಗಳನ್ನು ತೆಗೆದ ಮೇಲೆ ಫೋಕಸ್ ಮೊದಲು 12 ಕೊಂಡಿಗಳನ್ನು ದಾಟಿ ನಮೂನೆಗೆ ಬರುತ್ತದೆ. ಇದು ನಿಯಮಾನುಸಾರವಾದ ಕ್ರಮವೇ. ಆದರೆ ಪ್ರತಿ ಸಲವೂ ಅಷ್ಟು ಒತ್ತುಗಳು ಬೇಡವೆಂದಾದರೆ ಪುಟದ ಮೊದಲಿಗೆ 'ನಮೂನೆಗೆ ಹೋಗಿ' ಎಂಬ ಕೊಂಡಿಯೊಂದನ್ನು ಇಡುವುದು ರೂಢಿ.

5. ವರ್ಣವ್ಯತ್ಯಾಸ

ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ಹೊಳಪಿನ ಅಂತರವನ್ನು ಮಾರ್ಗಸೂಚಿಯು ಅನುಪಾತದಲ್ಲಿ ಅಳೆಯುತ್ತದೆ. ಎರಡರಲ್ಲಿ ಹೆಚ್ಚು ಹೊಳಪಿನದಕ್ಕೆ 0.05 ಕೂಡಿಸಿ, ಕಡಿಮೆ ಹೊಳಪಿನದಕ್ಕೂ 0.05 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಬಿಳಿಯ ಹೊಳಪು 1, ಕಪ್ಪಿನದು 0. ಆದುದರಿಂದ ಅತ್ಯಧಿಕ ಅನುಪಾತ 1.05 ಭಾಗಿಸು 0.05, ಅಂದರೆ 21. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5 ಇರಬೇಕು. 18 ಪಾಯಿಂಟ್ ಅಥವಾ ಅದಕ್ಕೂ ದೊಡ್ಡದಾದ, ಇಲ್ಲವೇ 14 ಪಾಯಿಂಟಿನ ದಪ್ಪ ಅಕ್ಷರಗಳಿಗೆ 3 ಸಾಕು. ಅಂಕಣದ ಅಂಚುರೇಖೆಯಂತಹ, ಗುರುತಿಸಲು ಅಗತ್ಯವಾದ ಭಾಗಗಳಿಗೂ 3 ಇರಬೇಕೆಂಬುದು 2018ರ ಆವೃತ್ತಿಯಲ್ಲಿ ಸೇರಿದ ನಿಯಮ.

ಮಾದರಿಯ ಮೊಬೈಲ್ ಅಂಕಣದ ತಿಳಿಬೂದು ಪದದ ಬಣ್ಣ `#999999`. ಅದರ ಹೊಳಪು ಸುಮಾರು 0.319, ಬಿಳಿಯ ಹಿನ್ನೆಲೆಯೊಡನೆ 1.05 ಭಾಗಿಸು 0.369, ಅಂದರೆ 2.85. ಇದು ಸಾಲದು. ಬೂದನ್ನೇ ಉಳಿಸಿಕೊಳ್ಳಬೇಕೆಂದರೆ `#767676` ಎಂಬ ಛಾಯೆಯು 4.54 ಅನುಪಾತದಿಂದ ಅಂಚಿನಲ್ಲಿ ಉತ್ತೀರ್ಣವಾಗುತ್ತದೆ. ಅದಕ್ಕಿಂತ ಒಂದೇ ಮೆಟ್ಟಿಲು ತಿಳಿಯಾದ `#777777` ಅನುತ್ತೀರ್ಣ. ಗುಂಡಿಯ ಕೇಸರಿ `#ff9933`. ಅದರ ಮೇಲಿನ ಬಿಳಿಯಕ್ಷರದ ಅನುಪಾತ ಕೇವಲ 2.1. ಇಲ್ಲಿ ಸಂಸ್ಥೆಯವರು ತಮ್ಮ ಕೇಸರಿಯನ್ನು ಬಿಡಲೊಪ್ಪದಿರಬಹುದು. ಬಿಡಬೇಕಾಗಿಯೂ ಇಲ್ಲ. ಅಕ್ಷರವನ್ನು ಬಿಳಿಯಿಂದ ಕಪ್ಪಿಗೆ ಬದಲಿಸಿದರೆ ಅದೇ ಕೇಸರಿಯ ಮೇಲೆ ಅನುಪಾತ 9.9ಕ್ಕೆ ಏರುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿಯುಂಟು. ಸೂತ್ರವು ಬಣ್ಣವನ್ನು ಮಾತ್ರ ನೋಡುತ್ತದೆ. ಅಕ್ಷರದ ಗೆರೆ ಎಷ್ಟು ತೆಳು ಎಂಬುದನ್ನು ನೋಡುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವಾಗಿ ಕೆಳಗೆ ಕೂಡುತ್ತವೆ. ತೆಳುವಾದ ಅಕ್ಷರವಿನ್ಯಾಸದಲ್ಲಿ 'ಚಿತ್ತ' ಮತ್ತು 'ಚಿತ್ರ' ಎಂಬವುಗಳ ಭೇದವೆಲ್ಲ ಆ ಚಿಕ್ಕ ಗೆರೆಯಲ್ಲಿಯೇ ಅಡಗಿರುತ್ತದೆ. ಆದುದರಿಂದ ಕನ್ನಡದ ನಮೂನೆಯಲ್ಲಿ 4.5 ಎಂಬುದನ್ನು ಗುರಿಯೆಂದು ತಿಳಿಯದೆ ನೆಲಗಟ್ಟೆಂದು ತಿಳಿದು, ಅದಕ್ಕಿಂತ ಸಾಕಷ್ಟು ಮೇಲಿರುವುದು ಕ್ಷೇಮ.

6. ದೋಷಗಳು ಒಂದುಗೂಡಿದಾಗ

ಈವರೆಗೆ ದೋಷಗಳನ್ನು ಬೇರೆಬೇರೆಯಾಗಿ ನೋಡಿದ್ದಾಯಿತು. ಬಳಕೆದಾರರಿಗಾದರೋ ಅವು ಒಟ್ಟಾಗಿಯೇ ಎದುರಾಗುತ್ತವೆ. ಅಂಧ ವಿದ್ಯಾರ್ಥಿನಿಯೊಬ್ಬಳು ಈ ನಮೂನೆಯನ್ನು ತುಂಬುತ್ತಿರುವಳೆಂದು ಭಾವಿಸೋಣ. ಹೆಸರಿಲ್ಲದ ಮೊದಲ ಅಂಕಣವನ್ನು ಅವಳು ಸುತ್ತಲಿನ ಪಠ್ಯವನ್ನು ಓದಿಸಿಕೊಂಡು ಊಹಿಸಿದಳು. ಮುಂದಿನ ಎರಡನ್ನೂ ಹೇಗೋ ತುಂಬಿದಳು. ನಾಲ್ಕನೆಯ ಒತ್ತಿಗೆ 'ನೋಂದಾಯಿಸಿ' ಎಂದು ಕೇಳಿಬಂತು. ನಮೂನೆ ಮುಗಿಯಿತೆಂದು ಬಗೆದು ಅವಳು ಎಂಟರ್ ಒತ್ತಿದಳು. ಜಿಲ್ಲೆಯೂ ಒಪ್ಪಿಗೆಯೂ ಇನ್ನೂ ಬಾಕಿಯಿವೆ ಎಂಬುದು ಅವಳಿಗೆ ತಿಳಿದಿಲ್ಲ. ನಮೂನೆ ಅರ್ಜಿಯನ್ನು ತಿರಸ್ಕರಿಸಿ, ಆ ಎರಡು ಅಂಕಣಗಳ ಅಂಚನ್ನು ಕೆಂಪಾಗಿಸಿತು. ಕೆಂಪು ಬಣ್ಣಕ್ಕೆ ಧ್ವನಿಯಿಲ್ಲ. ಪರದೆವಾಚಕ ಏನನ್ನೂ ಹೇಳಲಿಲ್ಲ. ಅವಳು ಮತ್ತೊಮ್ಮೆ ಒತ್ತಿದಳು, ಮತ್ತೆ ಮೌನ. ನೋಂದಣಿ ಆಯಿತೋ ಇಲ್ಲವೋ, ಜಾಲಸಂಪರ್ಕ ಕೆಟ್ಟಿತೋ, ತಾನೇ ತಪ್ಪಿದೆನೋ ಎಂಬುದನ್ನು ತಿಳಿಯುವ ದಾರಿ ಅವಳಿಗಿಲ್ಲ. ಕೆಂಪು ಹಸಿರುಗಳನ್ನು ಬೇರ್ಪಡಿಸಲಾರದ ಕಣ್ಣುಳ್ಳವರಿಗೂ ಈ ಅಂಚಿನ ಬದಲಾವಣೆ ಹೊಳೆಯದೆ ಹೋಗಬಹುದು.

ತಪ್ಪನ್ನು ಮಾತಿನಲ್ಲಿ ಹೇಳುವುದು, ಆ ಮಾತನ್ನು ಅಂಕಣಕ್ಕೆ ಕಟ್ಟುವುದು, ಫೋಕಸನ್ನು ಅಲ್ಲಿಗೆ ಒಯ್ಯುವುದು, ಈ ಮೂರೂ ಇಲ್ಲಿ ಆಗಬೇಕು:

```html
<label for="jille">ಜಿಲ್ಲೆ</label>
<select id="jille" aria-invalid="true"
        aria-describedby="jille-tappu">…</select>
<p id="jille-tappu">ಜಿಲ್ಲೆಯನ್ನು ಆರಿಸಿಲ್ಲ.</p>
```

ಗುಂಡಿಯನ್ನು ಒತ್ತಿದೊಡನೆ ಫೋಕಸ್ ತಪ್ಪಿರುವ ಮೊದಲ ಅಂಕಣಕ್ಕೆ ಹೋದರೆ, 'ಜಿಲ್ಲೆ' ಎಂಬ ಹೆಸರೂ ಅಲ್ಲಿ ತಪ್ಪಿದೆ ಎಂಬ ಸೂಚನೆಯೂ 'ಜಿಲ್ಲೆಯನ್ನು ಆರಿಸಿಲ್ಲ' ಎಂಬ ವಿವರಣೆಯೂ ಒಟ್ಟಿಗೆ ಕೇಳಿಸುತ್ತವೆ. ಈ ವಾಕ್ಯವನ್ನು ಅಚ್ಚಕೆಂಪಿನಲ್ಲಿ ಬರೆಯುವುದು ವಾಡಿಕೆ. ಬಿಳಿಯ ಮೇಲೆ `#ff0000` ಬಣ್ಣದ ಅನುಪಾತ ಸುಮಾರು 4 ಮಾತ್ರ. ಅದು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಸಾಲದು. ತುಸು ಗಾಢವಾದ `#c00000` ಸುಮಾರು 6.5 ಕೊಡುತ್ತದೆ.

ಪರಿಶೀಲನೆಯನ್ನು ನಡೆಸುವವರು ಬಹುತೇಕ ಬಿಟ್ಟುಬಿಡುವುದು ಈ ಹಂತವನ್ನೇ. ಎಲ್ಲವನ್ನೂ ಸರಿಯಾಗಿ ತುಂಬಿ ನೋಡಿದರೆ ನಮೂನೆಯ ಒಳ್ಳೆಯ ಮುಖ ಮಾತ್ರ ಕಾಣುತ್ತದೆ. ಬೇಕೆಂದೇ ಎರಡು ಅಂಕಣಗಳನ್ನು ಖಾಲಿ ಬಿಟ್ಟು, ಮೊಬೈಲ್ ಸಂಖ್ಯೆಯಲ್ಲಿ 9 ಅಂಕಿ ಬರೆದು, ಪರದೆಯನ್ನು ಆರಿಸಿ, ಗುಂಡಿ ಒತ್ತಿದ ಮೇಲೆ ಏನು ಕೇಳುತ್ತದೆ ಎಂಬುದನ್ನು ಗಮನಿಸಬೇಕು. ಏನೂ ಕೇಳದಿದ್ದರೆ ಉಳಿದ ತಿದ್ದುಪಡಿಗಳೆಲ್ಲ ಅಪೂರ್ಣ.

7. ಉಪಸಂಹಾರ

ತಿದ್ದುಪಡಿಗಳನ್ನು ಕೈಗೊಳ್ಳುವಾಗ ಬಳಕೆದಾರನನ್ನು ಪೂರ್ತಿಯಾಗಿ ತಡೆಯುವ ದೋಷಗಳು ಮೊದಲಿಗೆ ಬರಬೇಕು. ಈ ಮಾದರಿಯಲ್ಲಿ ಅವು ಮೌನವಾದ ತಿರಸ್ಕಾರ, ಕೆಟ್ಟ ಫೋಕಸ್ ಕ್ರಮ, ಮತ್ತು ಗುಪ್ತಪದಕ್ಕೆ ಅಂಟಿದ ತಪ್ಪು ಹೆಸರು. ಇವುಗಳನ್ನು ಸರಿಪಡಿಸಿ, ಲೇಬಲ್ಲುಗಳನ್ನು ಜೋಡಿಸಿ, ಬಣ್ಣಗಳನ್ನು ಬದಲಿಸಲು ಬೇಕಾದ ಸಂಕೇತ ಕೆಲವೇ ಸಾಲುಗಳದು ಎಂಬುದು ಮೇಲಿನ ಉದಾಹರಣೆಗಳಿಂದ ವಿದಿತವಾಗುತ್ತದೆ.

ಕೊನೆಯದಾಗಿ ಪರಿಶೀಲಕನ ಮಿತಿಯೊಂದನ್ನು ಹೇಳದೆ ಮುಗಿಸಲಾಗದು. ದೃಷ್ಟಿಯುಳ್ಳವರು ಪರದೆವಾಚಕವನ್ನು ಬಳಸಿ ಪರೀಕ್ಷಿಸುವಾಗಲೂ ನಮೂನೆಯ ಆಕಾರ ಅವರ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಕಿವಿಗೆ ಬೀಳದ್ದನ್ನು ನೆನಪು ತುಂಬಿಕೊಡುತ್ತದೆ. 'ನೋಂದಾಯಿಸಿ' ಎಂದು ಕೇಳಿದಾಗ ಇನ್ನೂ ಎರಡು ಅಂಕಣಗಳಿವೆ ಎಂಬುದು ಅವರಿಗೆ ಗೊತ್ತು. ಆ ವಿದ್ಯಾರ್ಥಿನಿಗೆ ಗೊತ್ತಿರಲಿಲ್ಲ. ಆದ ಕಾರಣ ತಿದ್ದಿದ ನಮೂನೆಯನ್ನು ಅದನ್ನು ಹಿಂದೆಂದೂ ನೋಡದ, ದಿನನಿತ್ಯ ಪರದೆವಾಚಕವನ್ನೇ ಅವಲಂಬಿಸಿರುವ ಒಬ್ಬರ ಕೈಗೆ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳುವುದೇ ಕಡೆಯ ಪರೀಕ್ಷೆ. ಅವರು ಯಾರ ನೆರವೂ ಇಲ್ಲದೆ ಸದಸ್ಯರಾದರೆ ಪರಿಶೀಲನೆ ಮುಗಿಯಿತು. ಇಲ್ಲವಾದರೆ ಅವರು ತಡೆದು ನಿಂತ ಅಂಕಣದಿಂದ ಅದು ಮತ್ತೆ ಆರಂಭವಾಗಬೇಕು.